ಕಣ್ಣು ಹೊರಳಿಸಿದರೆ ನೋವು, ಬಣ್ಣಗಳು ಮಸುಕು: ದೃಷ್ಟಿನರದ ಉರಿಯೂತವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ. ಐದು ದಿನದ ಹಿಂದೆ ಎಡಗಣ್ಣನ್ನು ಆಚೀಚೆ ಹೊರಳಿಸಿದಾಗ ಹಿಂದಿನಿಂದ ಯಾರೋ ಎಳೆದಂತೆ ನೋವು ಶುರುವಾಯಿತು. ಮೂರನೇ ದಿನದಿಂದ ಆ ಕಣ್ಣಿಗೆ ಬಣ್ಣಗಳೆಲ್ಲ ಕಳೆಗುಂದಿವೆ. ಕೆಂಪು ಅಂಗಿ ನೂರು ಸಲ ಒಗೆದ ಹಾಗೆ ಕಾಣುತ್ತದೆ. ಕಣ್ಣು ಕೆಂಪಾಗಿಲ್ಲ, ನೀರೂ ಸುರಿಯುತ್ತಿಲ್ಲ. ಕನ್ನಡಕದ ಪರೀಕ್ಷೆಗೆ ಹೋದಲ್ಲಿ ಕಣ್ಣಿನೊಳಗೆ ನೋಡಿ, ಎಲ್ಲ ಸರಿಯಾಗಿದೆ, ಆಯಾಸ ಇರಬೇಕು ಎಂದರು. ಅಣ್ಣನಿಗೆ ಅಸ್ತಮಾಕ್ಕೆಂದು ಕೊಟ್ಟಿದ್ದ ಪ್ರೆಡ್ನಿಸೊಲೋನ್ ಮಾತ್ರೆ ಮನೆಯಲ್ಲಿದೆ. ದಿನಕ್ಕೊಂದು ನುಂಗಿ ನೋಡಲೇ? ದೃಷ್ಟಿ ವಾಪಸು ಬರುತ್ತದೆಯೇ?

ಉತ್ತರ:

ಆ ಮಾತ್ರೆಯನ್ನು ನುಂಗಬೇಡಿ. ಯಾಕೆ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಇಂದು, ತಪ್ಪಿದರೆ ನಾಳೆ, ಎಂ.ಆರ್.ಐ. ಸೌಲಭ್ಯವಿರುವ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ನರರೋಗ ವಿಭಾಗಕ್ಕೋ ಹೋಗಿ. ನೀವು ಬರೆದ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೊದಲು ಅನುಮಾನಿಸಬೇಕಾದದ್ದು ದೃಷ್ಟಿನರದ ಉರಿಯೂತ, ಅಂದರೆ ಆಪ್ಟಿಕ್ ನ್ಯೂರೈಟಿಸ್. ಪತ್ರ ಓದಿ ಖಚಿತವಾಗಿ ಹೇಳಲಾಗದು, ನಿಮ್ಮ ಕಣ್ಣನ್ನು ಯಾರಾದರೂ ಪರೀಕ್ಷಿಸಲೇಬೇಕು. ಆದರೆ ಹದಿಹರೆಯ ದಾಟಿ ಐವತ್ತರೊಳಗಿರುವ ವ್ಯಕ್ತಿಗೆ ಒಂದೇ ಕಣ್ಣಿನಲ್ಲಿ, ಕೆಲವೇ ದಿನಗಳಲ್ಲಿ, ಹೊರಳಿಸಿದಾಗಿನ ನೋವಿನ ಜೊತೆಗೇ ಬಣ್ಣ ಮಂಕಾದರೆ ಬೇರೆ ಕಾರಣಗಳು ಹೆಚ್ಚಿಲ್ಲ.

ಕಣ್ಣಿನೊಳಗೆ ನೋಡಿದವರು ಎಲ್ಲ ಸರಿಯಾಗಿದೆ ಎಂದದ್ದರಿಂದ ನೀವು ಗೊಂದಲಕ್ಕೆ ಬಿದ್ದಿದ್ದೀರಿ. ಅವರು ನೋಡಿದ್ದರಲ್ಲಿ ತಪ್ಪಿಲ್ಲದಿರಬಹುದು. ದೃಷ್ಟಿನರ ಕಣ್ಣುಗುಡ್ಡೆಯ ಹಿಂಭಾಗದಿಂದ ಹೊರಟು, ಕಣ್ಣಿನ ಗೂಡಿನೊಳಗೆ ಸುಮಾರು 25 ಮಿಲಿಮೀಟರ್ ಸಾಗಿ, ಮೂಳೆಯ ಸಣ್ಣ ಕಾಲುವೆಯೊಂದನ್ನು ಹಾದು ತಲೆಬುರುಡೆಯೊಳಗೆ ಸೇರುತ್ತದೆ. ಡಾಕ್ಟರು ಬೆಳಕು ಹಾಯಿಸಿ ನೋಡುವಾಗ ಕಾಣುವುದು ಈ ನರದ ಮುಂತುದಿ ಮಾತ್ರ, ಅಕ್ಷಿಪಟಲದ ಮೇಲೆ ಒಂದೂವರೆ ಮಿಲಿಮೀಟರ್‌ನಷ್ಟು ಅಗಲದ ತಿಳಿ ಬಣ್ಣದ ಬಿಲ್ಲೆಯ ರೂಪದಲ್ಲಿ. ಉರಿಯೂತ ಆ ತುದಿಯಲ್ಲೇ ಇದ್ದರೆ ಬಿಲ್ಲೆ ಊದಿಕೊಂಡಿರುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ದೊಡ್ಡವರಲ್ಲಿ ಮೂರರಲ್ಲಿ ಇಬ್ಬರಿಗೆ ಉರಿಯೂತ ಇನ್ನೂ ಹಿಂದೆ ಇರುತ್ತದೆ. ಅಂಥವರಲ್ಲಿ ಬಿಲ್ಲೆ, ಅಕ್ಷಿಪಟಲ, ಕಣ್ಣಿನ ಒತ್ತಡ, ಮುಂಭಾಗ ಎಲ್ಲವೂ ಮೊದಲ ವಾರಗಳಲ್ಲಿ ಆರೋಗ್ಯವಂತರಲ್ಲಿರುವಂತೆಯೇ ಇರುತ್ತವೆ. ನಾಲ್ಕಾರು ವಾರ ಕಳೆದ ಮೇಲೆ ಬಿಲ್ಲೆ ಬಿಳಿಚಿಕೊಳ್ಳತೊಡಗುತ್ತದೆ. ಅದನ್ನು ಕಾಯುತ್ತ ಕೂತರೆ ಚಿಕಿತ್ಸೆಯ ಹೊತ್ತು ಮೀರಿರುತ್ತದೆ.

ನೋವು ಎಲ್ಲಿಂದ ಬರುತ್ತದೆ ಎನ್ನುವುದು ತಿಳಿದರೆ ಈ ಕಾಯಿಲೆ ಅರ್ಧ ಅರ್ಥವಾದಂತೆ. ನೋಟವನ್ನು ಹೊತ್ತೊಯ್ಯುವ ನರದೆಳೆಗಳಿಗೆ ನೋವು ತಿಳಿಯುವುದಿಲ್ಲ. ಆದರೆ ಅವುಗಳನ್ನು ಸುತ್ತುವರಿದ ಗಟ್ಟಿ ಹೊದಿಕೆಗೆ ತಿಳಿಯುತ್ತದೆ. ಕಣ್ಣನ್ನು ಮೇಲಕ್ಕೆತ್ತುವ ಮತ್ತು ಮೂಗಿನ ಕಡೆಗೆ ತಿರುಗಿಸುವ ಸ್ನಾಯುಗಳ ಬುಡ ಗೂಡಿನ ತುತ್ತತುದಿಯಲ್ಲಿ ಈ ಹೊದಿಕೆಗೇ ಅಂಟಿಕೊಂಡಿದೆ. ನರ ಊದಿಕೊಂಡು ಹೊದಿಕೆ ಬಿಗಿಯಾದಾಗ, ಕಣ್ಣನ್ನು ಹೊರಳಿಸಿದ ಪ್ರತಿ ಸಲವೂ ಆ ಸ್ನಾಯುಗಳು ಅದನ್ನು ಜಗ್ಗುತ್ತವೆ. ಅದಕ್ಕೇ ನೀವು ಹಿಂದಿನಿಂದ ಎಳೆದಂತೆ ಎಂದು ಬರೆದದ್ದು ನನಗೆ ಮುಖ್ಯವಾಗಿ ಕಂಡಿತು. ಕಣ್ಣು ನೆಟ್ಟಗಿದ್ದಾಗ ನೋವು ಇಲ್ಲವೇ ಇಲ್ಲ ಅನ್ನಿಸಬಹುದು, ಅಥವಾ ಹುಬ್ಬಿನ ಹಿಂದೆ ಸಣ್ಣಗೆ ಮಿಡಿಯಬಹುದು. ನೋವು ದೃಷ್ಟಿ ಮಂಕಾಗುವುದಕ್ಕಿಂತ ಒಂದೆರಡು ದಿನ ಮುಂಚೆ ಬರುವುದುಂಟು, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ನೋವು ಹೋಯಿತು, ಇನ್ನು ಗುಣವಾಯಿತು ಎಂದುಕೊಂಡು ಕೆಲವರು ಆಸ್ಪತ್ರೆಯ ದಾರಿಯನ್ನೇ ಬಿಟ್ಟುಬಿಡುತ್ತಾರೆ. ನೋವು ಇಳಿದ ಮೇಲೂ ದೃಷ್ಟಿ ಕುಗ್ಗುತ್ತಲೇ ಇರಬಹುದು.

ಇನ್ನು ಬಣ್ಣ. ದೃಷ್ಟಿನರದಲ್ಲಿ ಸುಮಾರು 12 ಲಕ್ಷ ಎಳೆಗಳಿವೆ. ಅವುಗಳಲ್ಲಿ ಬಹುಪಾಲು ತೆಳ್ಳಗಿನವು. ನೋಟದ ನಟ್ಟನಡುವಿನ ಭಾಗದ ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಹೊತ್ತೊಯ್ಯುವುದು ಇವೇ. ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪೊರೆ ಸುತ್ತಿಕೊಂಡಿದೆ. ಅದಿದ್ದರೆ ಸಂಕೇತ ಪೊರೆಯ ನಡುವಿನ ಒಂದು ಬಿಡುವಿನಿಂದ ಇನ್ನೊಂದಕ್ಕೆ ನೆಗೆಯುತ್ತ ವೇಗವಾಗಿ ಸಾಗುತ್ತದೆ. ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಪೊರೆಯ ಮೇಲೆ ಬೀಳುತ್ತವೆ. ಪೊರೆ ಕಳಚಿದ ಕಡೆ ಸಂಕೇತ ನಿಧಾನವಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಅಕ್ಷರದ ಫಲಕ ಬಿಳಿ ಹಿನ್ನೆಲೆಯ ಮೇಲಿನ ಕಡುಗಪ್ಪು ಅಕ್ಷರಗಳದ್ದು. ಅಷ್ಟು ಎದ್ದುಕಾಣುವ ಗುರುತನ್ನು ಓದಲು ಅಳಿದುಳಿದ ಎಳೆಗಳೂ ಸಾಕಾಗಬಹುದು. ಆದರೆ ಬಣ್ಣದ ಗಾಢತೆ ಮತ್ತು ಬೂದು ಛಾಯೆಗಳ ನಡುವಿನ ಸಣ್ಣ ಅಂತರ ತಿಳಿಯಲು ಹೆಚ್ಚು ಎಳೆಗಳು ಚೆನ್ನಾಗಿ ಕೆಲಸ ಮಾಡಬೇಕು. ಫಲಕದಲ್ಲಿ 6/6 ಎಂದರೆ ಸಹಜ ದೃಷ್ಟಿ, ಎರಡನೇ ಅಂಕಿ ದೊಡ್ಡದಾದಷ್ಟೂ ದೃಷ್ಟಿ ಕಡಿಮೆ. ಹೀಗಾಗಿ 6/9ರ ಸಾಲನ್ನು ಓದುವವರೂ ಕೆಂಪನ್ನು ಇಟ್ಟಿಗೆ ಬಣ್ಣವೆಂದೋ ಕಿತ್ತಳೆಯೆಂದೋ ಹೇಳುತ್ತಾರೆ. ಕನ್ನಡಕದ ನಂಬರು ಬದಲಾದರೆ, ಕಣ್ಣಿನ ಮುಂಭಾಗ ಒಣಗಿದರೆ, ಅಕ್ಷರ ಮಂಜಾಗುತ್ತದೆಯೇ ಹೊರತು ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಓದುವ ಶಕ್ತಿ ಕುಗ್ಗಿದ್ದಕ್ಕಿಂತ ಬಣ್ಣ ಕುಗ್ಗಿದ್ದು ಜಾಸ್ತಿ ಎಂದಾದರೆ ನರದ ಕಡೆ ನೋಡಬೇಕು.

ಇದನ್ನು ಮನೆಯಲ್ಲೇ ಗಮನಿಸಬಹುದು. ಕಣ್ಣಿನ ಆಸ್ಪತ್ರೆಗಳಲ್ಲಿ ಪಾಪೆ ಹಿಗ್ಗಿಸುವ ಹನಿಯ ಸೀಸೆಯ ಕೆಂಪು ಮುಚ್ಚಳವನ್ನೇ ನಾವು ಬಳಸುತ್ತೇವೆ. ನಿಮಗೆ ಯಾವುದೇ ಕಡುಗೆಂಪು ವಸ್ತು ಸಾಕು. ಒಳ್ಳೆಯ ಬೆಳಕಿನಲ್ಲಿ ಬಲಗಣ್ಣಿನಿಂದ ನೋಡಿ, ಆ ಕೆಂಪು ನೂರಕ್ಕೆ ನೂರು ಎಂದಿಟ್ಟುಕೊಳ್ಳಿ. ಈಗ ಬಲಗಣ್ಣನ್ನು ಮುಚ್ಚಿ ಎಡಗಣ್ಣಿನಿಂದ ನೋಡಿ, ನೂರಕ್ಕೆ ಎಷ್ಟು ಕೊಡುತ್ತೀರಿ? ತೊಂಬತ್ತೈದು, ನೂರು ಎಂದರೆ ಗಣನೆಗಿಲ್ಲ. ಐವತ್ತು, ಅರವತ್ತು ಎಂದರೆ ಆ ಸಂಖ್ಯೆಯನ್ನು ದಿನಾಂಕದೊಂದಿಗೆ ಬರೆದಿಟ್ಟು ಡಾಕ್ಟರಿಗೆ ಹೇಳಿ. ಹುಟ್ಟಿನಿಂದ ಬಂದ ಬಣ್ಣಗುರುಡು ಸಾಮಾನ್ಯವಾಗಿ ಎರಡೂ ಕಣ್ಣಿನಲ್ಲಿ ಸಮನಾಗಿರುತ್ತದೆ, ಹಾಗಾಗಿ ಎರಡು ಕಣ್ಣಿನ ನಡುವೆ ಹೊಸದಾಗಿ ಕಂಡ ಅಂತರಕ್ಕೆ ಅದು ಕಾರಣವಲ್ಲ. ಈ ಪರೀಕ್ಷೆಯಲ್ಲಿ ಅಂತರ ಕಾಣಲಿಲ್ಲ ಎಂಬುದರಿಂದ ಕಾಯಿಲೆ ಇಲ್ಲ ಎಂದು ಮಾತ್ರ ತೀರ್ಮಾನಿಸಬೇಡಿ.

ಆಸ್ಪತ್ರೆಯಲ್ಲಿ ಆಗಲೇಬೇಕಾದ ಒಂದು ಪರೀಕ್ಷೆಗೆ ಬೇಕಿರುವುದು ಸಣ್ಣ ಟಾರ್ಚು, ಅರೆಗತ್ತಲ ಕೋಣೆ ಮತ್ತು ಅರ್ಧ ನಿಮಿಷ. ನಿಮ್ಮನ್ನು ದೂರ ನೋಡಲು ಹೇಳಿ, ಬೆಳಕನ್ನು ಒಂದು ಕಣ್ಣಿನ ಮೇಲೆ ಎರಡು ಮೂರು ಸೆಕೆಂಡ್ ಹಿಡಿದು ತಟ್ಟನೆ ಇನ್ನೊಂದಕ್ಕೆ ದಾಟಿಸುತ್ತಾರೆ, ಹೀಗೆ ಹಲವು ಸಲ. ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಪಾಪೆಗಳು ಕುಗ್ಗುವುದು ಸಹಜ. ಎಡ ದೃಷ್ಟಿನರ ಸೋತಿದ್ದರೆ, ಬಲದಿಂದ ಎಡಕ್ಕೆ ಬೆಳಕು ಬಂದಾಗ ಮಿದುಳಿಗೆ ಬೆಳಕು ಕಡಿಮೆಯಾದಂತೆ ತಿಳಿಯುತ್ತದೆ, ಟಾರ್ಚು ನೇರ ಕಣ್ಣ ಮೇಲಿದ್ದರೂ ಎಡ ಪಾಪೆ ಹಿಗ್ಗುತ್ತದೆ. ಇದನ್ನು ಮಾರ್ಕಸ್ ಗನ್ ಪಾಪೆ ಎನ್ನುತ್ತಾರೆ. ಆಯಾಸಕ್ಕೆ, ಕನ್ನಡಕದ ನಂಬರಿಗೆ, ವಯಸ್ಸಾದವರ ಕಣ್ಣಿನ ಪೊರೆಗೆ ಹೀಗಾಗುವುದಿಲ್ಲ. ಅಕ್ಷಿಪಟಲ ನೋಡಲು ಚೆನ್ನಾಗಿದ್ದು ಈ ಚಿಹ್ನೆ ಇದೆಯೆಂದರೆ ತೊಂದರೆ ನರದಲ್ಲಿದೆ ಎಂದೇ ಹಿಡಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯಿದೆ. ಈ ಪರೀಕ್ಷೆ ಪಾಪೆ ಹಿಗ್ಗಿಸುವ ಹನಿ ಹಾಕುವುದಕ್ಕೆ ಮೊದಲೇ ನಡೆಯಬೇಕು. ಹನಿ ಬಿದ್ದ ಮೇಲೆ ಹಲವು ಗಂಟೆ ಪಾಪೆ ಬೆಳಕಿಗೆ ಅಲುಗುವುದಿಲ್ಲ. ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ಸರದಿಗೆ ಕೂರಿಸುವಾಗಲೇ ಎಲ್ಲರಿಗೂ ಹನಿ ಹಾಕುವ ರೂಢಿಯಿದ್ದರೆ, ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಅತಿ ಮುಖ್ಯ ಸಾಕ್ಷ್ಯ ಅಳಿಸಿಹೋಗಿರುತ್ತದೆ. ಹನಿ ಹಾಕಲು ಬಂದವರಿಗೆ, ಮೊದಲು ಪಾಪೆ ಮತ್ತು ಬಣ್ಣದ ಪರೀಕ್ಷೆ ಆಗಬೇಕು, ಡಾಕ್ಟರನ್ನು ಕೇಳಿ ಹಾಕಿ ಎಂದು ಹೇಳಿ. ಎರಡೂ ಕಣ್ಣಿನ ನರಗಳು ಸರಿಸಮ ಸೋತಿದ್ದರೆ, ಅಥವಾ ಇನ್ನೊಂದು ಕಣ್ಣಿಗೆ ಹಿಂದೆಯೇ ಇದು ಬಂದು ಹೋಗಿದ್ದರೆ, ಅಂತರ ಉಳಿಯದೆ ಈ ಚಿಹ್ನೆ ಕಾಣದಿರಬಹುದು. ಅದನ್ನೂ ಹೇಳಲು ಮರೆಯಬೇಡಿ.

ಒಬ್ಬರ ವಿವರ ಹೇಳಿದರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಬಟ್ಟೆ ಹೊಲಿಯುವ 34ರ ಹೆಣ್ಣುಮಗಳೊಬ್ಬರಿಗೆ ಬಲಗಣ್ಣನ್ನು ಪಕ್ಕಕ್ಕೆ ಹೊರಳಿಸಿದಾಗ ನೋವು. ಮೂರನೇ ದಿನ ಮೆರೂನ್ ದಾರಕ್ಕೂ ಕಂದು ದಾರಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ನಾಲ್ಕನೇ ದಿನ ಬಂದರು. ಎಡಗಣ್ಣು 6/6, ಬಲಗಣ್ಣು 6/12. ಚುಕ್ಕೆಗಳ ನಡುವೆ ಅಂಕಿ ಹುದುಗಿರುವ ಇಷಿಹಾರಾ ಪುಟಗಳಲ್ಲಿ ಎಡಗಣ್ಣು ಎಲ್ಲವನ್ನೂ ಓದಿತು, ಬಲಗಣ್ಣಿಗೆ ಮೂರನೇ ಒಂದು ಭಾಗವೂ ದಕ್ಕಲಿಲ್ಲ. ಟಾರ್ಚಿನ ಪರೀಕ್ಷೆಯಲ್ಲಿ ಬಲ ಪಾಪೆ ಸ್ಪಷ್ಟವಾಗಿ ಹಿಗ್ಗಿತು. ದೃಷ್ಟಿಕ್ಷೇತ್ರದ ನಕ್ಷೆಯಲ್ಲಿ ನಡುವೆ ಒಂದು ಮಸುಕು. ಕಣ್ಣಿನೊಳಗೆ ನೋಡಿದರೆ ಬಿಲ್ಲೆ ಎರಡೂ ಕಡೆ ಒಂದೇ ಥರ, ಯಾವ ಊತವೂ ಇಲ್ಲ.

ಮರುದಿನ ಎಂ.ಆರ್.ಐ. ಮಾಡಿಸಿದೆವು. ಇಲ್ಲಿ ಕೇಳಿಕೊಳ್ಳಬೇಕಾದ ಮಾತೊಂದಿದೆ. ಬರೀ ಮಿದುಳಿನ ಎಂ.ಆರ್.ಐ. ಸಾಲದು, ಕಣ್ಣಿನ ಗೂಡಿನದೂ ಬೇಕು. ನರದ ಸುತ್ತ ಇರುವ ಕೊಬ್ಬು ಚಿತ್ರದಲ್ಲಿ ಬೆಳ್ಳಗೆ ಹೊಳೆದು ನರದ ಹೊಳಪನ್ನು ಮುಚ್ಚುತ್ತದೆ, ಅದಕ್ಕೆ ಕೊಬ್ಬಿನ ಸಂಕೇತವನ್ನು ತಗ್ಗಿಸುವ ವಿಧಾನದಲ್ಲಿ, ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಟ್ಟು ತೆಗೆಯಬೇಕು. ಮೂತ್ರಪಿಂಡದ ತೊಂದರೆ ಅಥವಾ ಬಸಿರು ಇದ್ದರೆ ಚುಚ್ಚುಮದ್ದಿಗೆ ಮೊದಲು ತಿಳಿಸಬೇಕು. ಇವರ ಬಲ ದೃಷ್ಟಿನರದ ಗೂಡಿನೊಳಗಿನ ಭಾಗದಲ್ಲಿ ಒಂದು ಚಿಕ್ಕ ಉದ್ದ ಹೊಳೆಯಿತು. ಮಿದುಳಿನಲ್ಲಿ, ದ್ರವ ತುಂಬಿದ ಕುಹರಗಳ ಅಂಚಿಗೆ, ಇವರ ಗಮನಕ್ಕೇ ಬಾರದ ಎರಡು ಸಣ್ಣ ಕಲೆಗಳೂ ಕಂಡವು. ರಕ್ತದ ಪರೀಕ್ಷೆಯಲ್ಲಿ, ಮುಂದೆ ಹೇಳುವ ಎರಡು ಪ್ರತಿಕಾಯಗಳು ಇರಲಿಲ್ಲ.

ಐದನೇ ದಿನದಿಂದ ಮೂರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ ಒಂದು ಗ್ರಾಂನಂತೆ ಡ್ರಿಪ್‌ನಲ್ಲಿ ನಿಧಾನವಾಗಿ ಕೊಟ್ಟೆವು. ಏಳನೇ ದಿನಕ್ಕೆ ದೃಷ್ಟಿ 6/36ಕ್ಕೆ ಇಳಿಯಿತು. ಅವರು ಹೆದರಿ, ಔಷಧಿಯಿಂದಲೇ ಹೀಗಾಯಿತೇ ಎಂದು ಕೇಳಿದರು. ಅಲ್ಲ. ಈ ಕಾಯಿಲೆ ಶುರುವಾದಲ್ಲಿಂದ ಒಂದು ವಾರ, ಹೆಚ್ಚೆಂದರೆ ಎರಡು ವಾರ ಇಳಿಯುತ್ತದೆ, ಆಮೇಲೆ ಏರುತ್ತದೆ. ಹನ್ನೆರಡನೇ ದಿನ ಅಕ್ಷರಗಳು ಬಿಡಿಸಿಕೊಳ್ಳತೊಡಗಿದವು, ಆರನೇ ವಾರಕ್ಕೆ 6/9, ಆರು ತಿಂಗಳಿಗೆ 6/6. ದಾರಗಳನ್ನು ಮತ್ತೆ ತಾವೇ ಆರಿಸುತ್ತಾರೆ, ಆದರೆ ಆ ಕಣ್ಣಿನ ಕೆಂಪು ಇನ್ನೂ ಪೂರ್ತಿ ಮರಳಿಲ್ಲ. ಕಣ್ಣಿನ ಹಿಂಪದರದ ದಪ್ಪ ಅಳೆಯುವ ಓ.ಸಿ.ಟಿ. ಯಂತ್ರದಲ್ಲಿ ನರದೆಳೆಗಳ ಪದರ ತೆಳ್ಳಗಾದದ್ದು ಕಾಣುತ್ತದೆ. ಅಷ್ಟು ಎಳೆಗಳು ಹೋಗಿಬಿಟ್ಟಿವೆ, ಉಳಿದವು ಕೆಲಸವನ್ನು ಹೊತ್ತಿವೆ.

ಈಗ ನಿಮ್ಮ ಮಾತ್ರೆಯ ವಿಷಯ. ಅದೂ ಸ್ಟೀರಾಯ್ಡೇ. 1988ರಿಂದ 1991ರವರೆಗೆ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಈ ಕಾಯಿಲೆಯ 450ಕ್ಕೂ ಹೆಚ್ಚು ಜನರನ್ನು ಮೂರು ಗುಂಪು ಮಾಡಿದವು. ಒಂದು ಗುಂಪಿಗೆ ಡ್ರಿಪ್‌ನಲ್ಲಿ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಮೂರು ದಿನ, ಆಮೇಲೆ ಕೆಲವು ದಿನ ಮಾತ್ರೆ. ಇನ್ನೊಂದಕ್ಕೆ ಬರೀ ಪ್ರೆಡ್ನಿಸೋನ್ ಮಾತ್ರೆ, ತೂಕದ ಪ್ರತಿ ಕಿಲೋಗೆ ಒಂದು ಮಿಲಿಗ್ರಾಂನಂತೆ ಎರಡು ವಾರ. ಮೂರನೆಯದಕ್ಕೆ ಔಷಧಿಯಿಲ್ಲದ ಪೊಳ್ಳು ಮಾತ್ರೆ. 1992ರಲ್ಲಿ ಹೊರಬಂದ ಫಲಿತಾಂಶ ಡಾಕ್ಟರುಗಳ ರೂಢಿಯನ್ನೇ ಬದಲಿಸಿತು. ಡ್ರಿಪ್ ಪಡೆದವರ ದೃಷ್ಟಿ ಬೇಗ ಮರಳಿತು, ಆದರೆ ಆರು ತಿಂಗಳ ಹೊತ್ತಿಗೆ ಪೊಳ್ಳು ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ಮುಟ್ಟಿದ್ದರು. ಬರೀ ಮಾತ್ರೆ ನುಂಗಿದವರಿಗೆ ದೃಷ್ಟಿಯಲ್ಲಿ ಯಾವ ಲಾಭವೂ ಆಗಲಿಲ್ಲ, ಮೇಲಾಗಿ ಕಾಯಿಲೆ ಮರುಕಳಿಸುವುದು ಹೆಚ್ಚಾಯಿತು. ಎರಡು ವರ್ಷದೊಳಗೆ ಅವರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಈ ಕಣ್ಣಿಗೋ ಆ ಕಣ್ಣಿಗೋ ಮತ್ತೆ ಬಂತು. ಉಳಿದೆರಡು ಗುಂಪುಗಳಲ್ಲಿ ಅದು 13ರಿಂದ 16ರಷ್ಟಿತ್ತು. ಹಾಗಾಗಿ ಸಾಮಾನ್ಯ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಯೊಂದನ್ನೇ ಈ ಕಾಯಿಲೆಯ ಮೊದಲ ಚಿಕಿತ್ಸೆಯಾಗಿ ಕೊಡಬಾರದು ಎಂಬುದು ಅಂದಿನಿಂದ ನಿಂತ ನಿಯಮ.

ತೊಂದರೆ ಬಾಯಿಂದ ನುಂಗಿದ್ದರಲ್ಲಲ್ಲ, ಪ್ರಮಾಣದಲ್ಲಿದೆ. ಡ್ರಿಪ್‌ನ ಒಂದು ಗ್ರಾಂಗೆ ಸಮನಾಗುವಂತೆ ದಿನಕ್ಕೆ 1250 ಮಿಲಿಗ್ರಾಂ ಪ್ರೆಡ್ನಿಸೋನನ್ನು ಬಾಯಿಂದ ಕೊಟ್ಟು ಹೋಲಿಸಿದಾಗ ಫಲಿತಾಂಶ ಡ್ರಿಪ್‌ನಷ್ಟೇ ಚೆನ್ನಾಗಿತ್ತೆಂದು 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ತೋರಿಸಿತು. ಅದು ನಿಮ್ಮ ಮನೆಯ ಮಾತ್ರೆಯ ಹತ್ತಾರು ಪಟ್ಟು. ಅಷ್ಟನ್ನು ಡಾಕ್ಟರ ಕಣ್ಗಾವಲಿಲ್ಲದೆ ಯಾರೂ ನುಂಗಬಾರದು. ರಕ್ತದ ಸಕ್ಕರೆ, ರಕ್ತದೊತ್ತಡ ಏರುತ್ತವೆ, ನಿದ್ದೆ ಕೆಡುತ್ತದೆ, ಕೆಲವರಲ್ಲಿ ಮನಸ್ಸು ವಿಪರೀತ ಕಳವಳಕ್ಕೋ ಉದ್ರೇಕಕ್ಕೋ ಒಳಗಾಗುತ್ತದೆ. ಕ್ಷಯ, ಸಿಫಿಲಿಸ್‌ನಂಥ ಸೋಂಕು ಕೂಡ ದೃಷ್ಟಿನರವನ್ನು ಕೆಡಿಸಬಲ್ಲದು, ಅದನ್ನು ನೋಡಿಕೊಳ್ಳದೆ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹರಡುತ್ತದೆ. ಸ್ವಂತವಾಗಿ ಮಾತ್ರೆ ನುಂಗಿ ಬಂದವರಲ್ಲಿ ಇನ್ನೊಂದು ತೊಡಕು: ಅರೆಬರೆ ಔಷಧಿಯಿಂದ ಚಿತ್ರ ಮಸುಕಾಗಿ, ಯಾವ ಬಗೆಯ ಉರಿಯೂತ ಎಂದು ಬಿಡಿಸುವುದೇ ಕಷ್ಟವಾಗುತ್ತದೆ.

ಬಗೆ ಎಂದೆನಲ್ಲ, ಇಂದಿನ ವೈದ್ಯಕೀಯದಲ್ಲಿ ಅತಿ ಮುಖ್ಯವಾದ ಮಾತು ಅದೇ. ಮೇಲೆ ಹೇಳಿದ ಹೆಣ್ಣುಮಗಳದು ಸಾಮಾನ್ಯ ಬಗೆ. ಅದು ಒಂಟಿಯಾಗಿ ಬಂದು ಹೋಗಬಹುದು, ಇಲ್ಲವೇ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮಿದುಳು-ಬೆನ್ನುಹುರಿಯ ಕಾಯಿಲೆಯ ಮೊದಲ ಕುರುಹಾಗಿರಬಹುದು. ಇದಲ್ಲದೆ ಇನ್ನೆರಡಿವೆ. ಒಂದರಲ್ಲಿ ಅಕ್ವಾಪೊರಿನ್-4 ಎಂಬ ಪ್ರೋಟೀನಿನ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಹುಟ್ಟಿರುತ್ತದೆ, ಕಾಯಿಲೆಯ ಹೆಸರು ನ್ಯೂರೋಮಯಲೈಟಿಸ್ ಆಪ್ಟಿಕಾ. ಇನ್ನೊಂದರಲ್ಲಿ ಮಯಲಿನ್ ಪೊರೆಯ ಮೇಲ್ಮೈಯಲ್ಲಿರುವ ಎಂ.ಓ.ಜಿ. ಅಥವಾ ಮಾಗ್ ಎಂಬ ಪ್ರೋಟೀನಿನ ವಿರುದ್ಧ. 1988ರ ಆ ಅಧ್ಯಯನದ ಕಾಲದಲ್ಲಿ ಈ ಪ್ರತಿಕಾಯಗಳನ್ನು ಯಾರೂ ಅರಿತಿರಲಿಲ್ಲ; ಅಕ್ವಾಪೊರಿನ್‌ನ ಪ್ರತಿಕಾಯ ಪತ್ತೆಯಾದದ್ದೇ 2004ರಲ್ಲಿ. ಆ ಅಧ್ಯಯನಕ್ಕೆ ಸೇರಿದವರಲ್ಲಿ ಬಹುಪಾಲು ಬಿಳಿಯರು. ಏಷ್ಯಾ ಮತ್ತು ಆಫ್ರಿಕಾ ಮೂಲದವರಲ್ಲಿ ಅಕ್ವಾಪೊರಿನ್ ಬಗೆಯ ಪಾಲು ಹೆಚ್ಚು. ಔಷಧಿಯಿಲ್ಲದಿದ್ದರೂ ಕೊನೆಗೆ ಅಲ್ಲಿಗೇ ಮುಟ್ಟುತ್ತದೆ ಎಂಬ ಅದರ ಸಮಾಧಾನ ಸಾಮಾನ್ಯ ಬಗೆಗೆ ಮಾತ್ರ ಸಲ್ಲುತ್ತದೆ.

ಅಕ್ವಾಪೊರಿನ್ ಬಗೆಯನ್ನು ಸುಮ್ಮನೆ ಬಿಟ್ಟರೆ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಒಂದೇ ದಾಳಿಯಲ್ಲಿ ಬೆಳಕಿನ ಅರಿವೂ ಉಳಿಯದಷ್ಟು ಕೆಡಿಸಬಲ್ಲದು. ಇದರಲ್ಲಿ ಡ್ರಿಪ್ ಎಷ್ಟು ಬೇಗ ಶುರುವಾಯಿತು ಎಂಬುದರ ಮೇಲೆ ಉಳಿಯುವ ದೃಷ್ಟಿ ನಿಂತಿದೆ, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಸ್ಟೀರಾಯ್ಡ್‌ಗೆ ಜಗ್ಗದಿದ್ದರೆ ತಡಮಾಡದೆ ಪ್ಲಾಸ್ಮಾ ಬದಲಾವಣೆಗೆ ಹೋಗುತ್ತೇವೆ. ಯಂತ್ರವೊಂದರ ಮೂಲಕ ರಕ್ತ ಹಾಯಿಸಿ, ಪ್ರತಿಕಾಯಗಳಿರುವ ದ್ರವವನ್ನು ತೆಗೆದು ಬೇರೆ ದ್ರವ ತುಂಬುವುದು, ಸಾಮಾನ್ಯವಾಗಿ ದಿನ ಬಿಟ್ಟು ದಿನ ಐದರಿಂದ ಏಳು ಸಲ. ಆಮೇಲೆ ಮತ್ತೆ ದಾಳಿಯಾಗದಂತೆ ವರ್ಷಗಟ್ಟಲೆ ಔಷಧಿ ಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಬೀಟಾ ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಂಥ ಕೆಲವು ಔಷಧಿಗಳು ಇದನ್ನು ಉಲ್ಬಣಗೊಳಿಸಬಲ್ಲವು. ಎರಡನ್ನೂ ಬೇರ್ಪಡಿಸಿ ನೋಡಲೇಬೇಕಾದ್ದು ಅದಕ್ಕೇ. ಮಾಗ್ ಬಗೆಯಲ್ಲಿ ನರದ ಬಿಲ್ಲೆ ಚೆನ್ನಾಗಿ ಊದಿರುತ್ತದೆ, ಎರಡೂ ಕಣ್ಣು ಒಟ್ಟಿಗೆ ಕೆಡುವುದುಂಟು, ನೋವು ಜೋರು. ಸ್ಟೀರಾಯ್ಡ್‌ಗೆ ಬೇಗ ಮಣಿಯುತ್ತದೆ. ಆದರೆ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ವಾಪಸು ಬರುತ್ತದೆ, ಹಂತಹಂತವಾಗಿ ಇಳಿಸಬೇಕು.

ಪ್ರತಿಕಾಯ ಪರೀಕ್ಷೆಯ ರಕ್ತವನ್ನು ಆದಷ್ಟೂ ಸ್ಟೀರಾಯ್ಡ್‌ಗೆ ಮೊದಲು, ಪ್ಲಾಸ್ಮಾ ಬದಲಾವಣೆಗಂತೂ ಖಂಡಿತ ಮೊದಲು ತೆಗೆದಿಡಬೇಕು. ಜೀವಕೋಶಗಳ ಮೇಲೆ ಪ್ರೋಟೀನನ್ನು ಮೂಡಿಸಿ ಮಾಡುವ ವಿಧಾನದ ಪರೀಕ್ಷೆ ಹೆಚ್ಚು ನಂಬಲರ್ಹ, ಲ್ಯಾಬಿನಲ್ಲಿ ಅದನ್ನೇ ಕೇಳಿ. ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ರಕ್ತ ಕೊಟ್ಟಾದ ಮೇಲೆ ವರದಿಗಾಗಿ ಚಿಕಿತ್ಸೆಯನ್ನು ನಿಲ್ಲಿಸಿಕೊಂಡು ಕೂರುವುದು ಬೇಡ. ಸಾಮಾನ್ಯ ಬಗೆಯೇ ಆಗಿದ್ದು, ದೃಷ್ಟಿ ಅಷ್ಟೇನೂ ಕುಗ್ಗದೆ, ಸಕ್ಕರೆ ಕಾಯಿಲೆಯಂಥ ಅಡ್ಡಿಗಳಿದ್ದರೆ ಸ್ಟೀರಾಯ್ಡ್ ಇಲ್ಲದೆ ಕಾಯುವುದೂ ನ್ಯಾಯವಾದ ದಾರಿಯೇ. ಆದರೆ ಆ ತೀರ್ಮಾನ ಎಂ.ಆರ್.ಐ. ನೋಡಿದ ಮೇಲಿನದು.

ಇದು ಸಾಮಾನ್ಯ ಬಗೆಯಲ್ಲ ಎಂದು ಅನುಮಾನ ಹುಟ್ಟಿಸುವ ಕೆಲವು ಸಂಗತಿಗಳು ನಿಮಗೂ ತಿಳಿದಿರಲಿ. ಎರಡೂ ಕಣ್ಣು ಒಟ್ಟಿಗೆ ಮಂಕಾಗುವುದು, ಎದುರಿನ ಕೈಬೆರಳು ಎಣಿಸಲಾಗದಷ್ಟು ದೃಷ್ಟಿ ಇಳಿಯುವುದು, ಎರಡು ವಾರ ದಾಟಿದರೂ ಇಳಿಯುತ್ತಲೇ ಇರುವುದು, ನಾಲ್ಕು ವಾರವಾದರೂ ಚೇತರಿಕೆಯ ಸುಳಿವಿಲ್ಲದಿರುವುದು. ಇವುಗಳ ಜೊತೆಗೆ, ಅಥವಾ ಹಿಂದೆ ಯಾವಾಗಲಾದರೂ, ದಿನಗಟ್ಟಲೆ ಬಿಡದ ಬಿಕ್ಕಳಿಕೆ ಮತ್ತು ವಾಂತಿ ಆಗಿದ್ದರೆ ಹೇಳಿ. ಹೊಟ್ಟೆಯ ತೊಂದರೆಯೆಂದು ಔಷಧಿ ತಿಂದು ಮರೆತಿರುತ್ತಾರೆ, ಅದು ಮಿದುಳಿನ ಬುಡದ ಮೇಲೆ ಅಕ್ವಾಪೊರಿನ್ ಕಾಯಿಲೆ ನಡೆಸಿದ ದಾಳಿಯಾಗಿರಬಹುದು. ಕಾಲುಗಳ ಬಲ ಕುಂದುವುದು, ಹೊಟ್ಟೆ ಅಥವಾ ಎದೆಯ ಸುತ್ತ ಪಟ್ಟಿ ಬಿಗಿದಂತೆ ಜೋಮು, ಮೂತ್ರ ಕಟ್ಟಿಕೊಳ್ಳುವುದು ಇವು ಕಂಡರೆ ನಾಳೆಯವರೆಗೂ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ.

ನೋವೇ ಇಲ್ಲದೆ ದೃಷ್ಟಿ ಹೋದರೆ ಯೋಚನೆಯ ದಿಕ್ಕೇ ಬೇರೆ. ಐವತ್ತು ದಾಟಿದವರು ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ಅರ್ಧ ನೋಟ ಹೋಗಿದ್ದರೆ ನರಕ್ಕೆ ರಕ್ತ ಹರಿಯುವುದು ನಿಂತಿರಬಹುದು. ಅದರ ಜೊತೆ ಹಣೆಯ ಪಕ್ಕ ನೋವು, ಅಗಿಯುವಾಗ ದವಡೆ ಸೋಲುವುದು ಇದ್ದರೆ ಅದು ಗಂಟೆಗಳ ಲೆಕ್ಕದ ತುರ್ತು. ಎರಡೂ ಕಣ್ಣು ನೋವಿಲ್ಲದೆ ನಿಧಾನವಾಗಿ ಮಂಕಾದರೆ ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಮಾತ್ರೆ, ಬಿ12 ಕೊರತೆ ಇವನ್ನು ಕೇಳುತ್ತೇವೆ. ಕಣ್ಣು ಕೆಂಪಾಗಿ ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ಬಿಳಿಗುಡ್ಡೆಯ ಉರಿಯೂತ ಇರಬಹುದು. ಅದೂ ಹೊರಳಿಸಿದಾಗ ನೋಯುತ್ತದೆ.

ದೃಷ್ಟಿ ಮರಳುವುದೇ ಎಂದು ಕೇಳಿದ್ದೀರಿ. ಸಾಮಾನ್ಯ ಬಗೆಯಾದರೆ ಬಹಳ ಮಟ್ಟಿಗೆ ಮರಳುತ್ತದೆ. ಅಮೆರಿಕದ ಅದೇ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ನೂರಕ್ಕೆ 90ಕ್ಕೂ ಹೆಚ್ಚು ಜನರಿಗೆ ಆ ಕಣ್ಣಿನಲ್ಲಿ 6/12 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಇತ್ತು. ಆದರೆ ಅಕ್ಷರದ ಫಲಕ ಹೇಳದ ಕೊರತೆ ಉಳಿಯಬಹುದು. ಬಣ್ಣ ಸ್ವಲ್ಪ ತೆಳು, ಮಬ್ಬುಬೆಳಕಿನಲ್ಲಿ ಮೆಟ್ಟಿಲಿನ ಅಂಚು ಅಸ್ಪಷ್ಟ. ಎರಡು ಕಣ್ಣಿನ ಸಂಕೇತಗಳು ಸ್ವಲ್ಪ ಹಿಂದುಮುಂದಾಗಿ ಮಿದುಳು ಮುಟ್ಟುವುದರಿಂದ ಅಡ್ಡ ಹಾಯುವ ವಾಹನ ಎಷ್ಟು ಹತ್ತಿರವಿದೆ ಎನ್ನುವ ಅಂದಾಜು ತಪ್ಪಬಹುದು. ಹಾಗಾಗಿ ಈ ವಾರಗಳಲ್ಲಂತೂ ಗಾಡಿ ಓಡಿಸಬೇಡಿ. ಕಾಣುತ್ತಿಲ್ಲ ಎಂದು ಹೇಳಿದಾಗ ಫಲಕದಲ್ಲಿ 6/6 ಇದೆಯಲ್ಲ ಎಂದು ಯಾರಾದರೂ ತಳ್ಳಿಹಾಕಿದರೆ ಸುಮ್ಮನಾಗಬೇಡಿ. ನೀವು ಹೇಳುವುದು ನಿಜ, ಬಣ್ಣ ಮತ್ತು ಛಾಯೆಯ ಪರೀಕ್ಷೆಯಲ್ಲಿ ಅದು ಕಾಣುತ್ತದೆ.

ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಭಯವನ್ನು ನೀವು ಬರೆಯಲಿಲ್ಲ, ಆದರೆ ಈ ಹೆಸರು ಕೇಳಿದವರೆಲ್ಲ ರಾತ್ರಿ ಅದನ್ನೇ ಯೋಚಿಸುತ್ತಾರೆ. ಆ ಅಧ್ಯಯನದವರನ್ನು 15 ವರ್ಷ ಹಿಂಬಾಲಿಸಿ ನೋಡಿದಾಗ, ಮೊದಲ ಎಂ.ಆರ್.ಐ.ಯಲ್ಲಿ ಮಿದುಳಿನಲ್ಲಿ ಒಂದೂ ಕಲೆ ಇಲ್ಲದವರಲ್ಲಿ ನೂರಕ್ಕೆ 25 ಜನರಿಗೆ ಅದು ಬಂತು, ಒಂದಾದರೂ ಕಲೆ ಇದ್ದವರಲ್ಲಿ 72 ಜನರಿಗೆ. ಅದು ಇಂದಿನ ಔಷಧಿಗಳು ಬರುವ ಮುಂಚಿನ ಲೆಕ್ಕ. ಈಗ ಕಲೆಗಳಿದ್ದರೆ ಬೆನ್ನಿನ ನೀರಿನ ಪರೀಕ್ಷೆ ಮಾಡಿ, ಬೇಕಾದರೆ ಮುಂದಿನ ದಾಳಿಗೆ ಮೊದಲೇ ತಡೆಯುವ ಔಷಧಿ ಶುರುಮಾಡುತ್ತಾರೆ. ನಾನು ಹೇಳಿದ ಹೆಣ್ಣುಮಗಳು ಹಾಗೆಯೇ ನರತಜ್ಞರ ಆರೈಕೆಯಲ್ಲಿದ್ದಾರೆ.

ಚೇತರಿಸಿಕೊಂಡ ಮೇಲೆ ಒಂದು ಸಂಗತಿ ನಿಮ್ಮನ್ನು ಬೆಚ್ಚಿಬೀಳಿಸಬಹುದು. ಬಿಸಿನೀರಿನ ಸ್ನಾನ, ಜ್ವರ, ಬೆವರುವಷ್ಟು ಓಟ ಇವುಗಳಿಂದ ಮೈ ಕಾವೇರಿದಾಗ ಆ ಕಣ್ಣು ಮತ್ತೆ ಮಂಕಾಗಿ, ಮೈ ತಣಿದ ಮೇಲೆ ತಿಳಿಯಾಗುತ್ತದೆ. 1890ರಲ್ಲಿ ಜರ್ಮನಿಯ ಊಟ್‌ಹೋಫ್ ಎಂಬ ಕಣ್ಣಿನ ಡಾಕ್ಟರು ಇದನ್ನು ವಿವರಿಸಿದರು. ಪೊರೆ ತೆಳುವಾದ ಎಳೆಯಲ್ಲಿ ಕಾವಿಗೆ ಸಂಕೇತ ಸೋಲುವುದರಿಂದ ಹೀಗಾಗುತ್ತದೆ, ಹೊಸ ಹಾನಿಯೇನೂ ಆಗಿರುವುದಿಲ್ಲ, ವ್ಯಾಯಾಮ ಬಿಡಬೇಕಾಗಿಲ್ಲ. ಹೊಸ ದಾಳಿ ಹೀಗಿರುವುದಿಲ್ಲ. ಜ್ವರವಿಲ್ಲದೆ, ಕಾವಿಲ್ಲದೆ, 24 ಗಂಟೆ ದಾಟಿದರೂ ಮಸುಕು ತಿಳಿಯಾಗದೆ ಉಳಿದರೆ, ಅದರಲ್ಲೂ ಹೊರಳಿಸಿದಾಗಿನ ಅದೇ ನೋವು ಮತ್ತೆ ಬಂದರೆ, ಹಳೆಯ ಎಂ.ಆರ್.ಐ. ಮತ್ತು ರಕ್ತದ ವರದಿಗಳನ್ನು ಹಿಡಿದುಕೊಂಡು ಅಂದೇ ಆಸ್ಪತ್ರೆಗೆ ಬನ್ನಿ.